ಕಾಣದ ಉರಿಯ ಲೆಕ್ಕ

ತೊಂಬತ್ತರ ದಶಕದ ನಡುವೆ ಪೀಣ್ಯದ ಒಂದು ಫೋರ್ಜಿಂಗ್ ಕಾರ್ಖಾನೆಯಲ್ಲಿ ನಾನು ಕೆಲಸಕ್ಕಿದ್ದೆ. ಫರ್ನೇಸ್ ಆಯಿಲ್‌ನಲ್ಲಿ ಉರಿಯುತ್ತಿದ್ದ ಫರ್ನೇಸ್‌ಗಳನ್ನು ಒಂದೊಂದಾಗಿ ಎಲ್‌ಪಿಜಿಗೆ ಬದಲಾಯಿಸುತ್ತಿದ್ದ ಕಾಲ ಅದು. ಆಯಿಲ್ ಉರಿಯುವಾಗ ಬಾಗಿಲಿನ ಕಿಂಡಿಯಲ್ಲಿ ಇಣುಕಿದರೆ ಒಳಗೆಲ್ಲ ದಟ್ಟ ಹಳದಿ ಜ್ವಾಲೆ ಹೊರಳಾಡುತ್ತಿತ್ತು. ಗ್ಯಾಸ್ ಬಂದ ಮೇಲೆ ಬರ್ನರ್ ಬಾಯಲ್ಲಿ ಒಂದಿಷ್ಟು ನೀಲಿ, ಆಮೇಲೆ ಏನೂ ಇಲ್ಲ. ಕೆಂಪಗೆ ಕಾದ ಇಟ್ಟಿಗೆ ಗೋಡೆ, ಕೆಳಗೆ ಸಾಲಾಗಿ ಮಲಗಿದ ಬಿಲ್ಲೆಟ್‌ಗಳು, ನಡುವೆ ಖಾಲಿ ಜಾಗ. ನಮ್ಮ ಫರ್ನೇಸ್ ಮೇಸ್ತ್ರಿಗೆ ಇದು ಸುತರಾಂ ಒಪ್ಪಿಗೆಯಾಗಲಿಲ್ಲ. "ಉರಿನೇ ಕಾಣಲ್ಲ, ಇನ್ನು ಕಬ್ಬಿಣಕ್ಕೆ ಕಾವು ಎಲ್ಲಿಂದ ಬರ್ಬೇಕು ಸಾರ್?" ಎನ್ನುತ್ತಿದ್ದ.

ಅವನ ಮಾತಿನಲ್ಲಿ ಅರ್ಧ ಸತ್ಯವಿತ್ತು. ಆಯಿಲ್ ಜ್ವಾಲೆ ಹಳದಿಯಾಗಿ ಕಾಣುವುದು ಅದರೊಳಗಿನ ಮಸಿಯ ಕಣಗಳಿಂದ. ಕಾದ ಮಸಿ ಕಾದ ಇದ್ದಿಲಿನಂತೆಯೇ ಎಲ್ಲ ತರಂಗಾಂತರಗಳಲ್ಲೂ ಶಾಖವನ್ನು ಹೊರಗೆ ಎಸೆಯುತ್ತದೆ. ಚೆನ್ನಾಗಿ ಗಾಳಿ ಬೆರೆತು ಉರಿಯುವ ಎಲ್‌ಪಿಜಿಯಲ್ಲಿ ಮಸಿ ಉಳಿಯುವುದೇ ಇಲ್ಲ. ಉಳಿಯುವುದು ನೈಟ್ರೋಜನ್, ಚೂರು ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿ. ಮೊದಲಿನ ಎರಡು ಎಷ್ಟು ಕಾದರೂ ಶಾಖದ ವಿಕಿರಣಕ್ಕೆ ಇದ್ದೂ ಇಲ್ಲದಂತೆ. ಒಂದೇ ಬಗೆಯ ಎರಡು ಪರಮಾಣುಗಳಿಂದಾದ ಅಣುಗಳಿಗೆ ಆ ಶಕ್ತಿ ಇಲ್ಲ. ಕೊನೆಯ ಎರಡು ಮಾತ್ರ ವಿಕಿರಣ ಸೂಸುತ್ತವೆ. ಅದೂ ಕಣ್ಣಿಗೆ ಕಾಣುವ ಬೆಳಕಿನಲ್ಲಲ್ಲ, ಅವಕೆಂಪಿನ ಕೆಲವೇ ಪಟ್ಟಿಗಳಲ್ಲಿ. ಕಾರ್ಬನ್ ಡೈಆಕ್ಸೈಡ್‌ಗೆ 2.7, 4.3 ಮತ್ತು 15 ಮೈಕ್ರಾನ್ ಸುತ್ತಲಿನ ಪಟ್ಟಿಗಳು ಮುಖ್ಯ. ನೀರಾವಿಗೆ 2.7 ಮತ್ತು 6.3ರ ಸುತ್ತಮುತ್ತ, ಜೊತೆಗೆ ಬಹು ಉದ್ದ ತರಂಗಗಳ ಕಡೆ ಇನ್ನೊಂದಿಷ್ಟು. ನಮ್ಮ ಕಣ್ಣು ನೋಡುವುದು 0.4ರಿಂದ 0.7 ಮೈಕ್ರಾನ್‌ವರೆಗೆ ಮಾತ್ರ. ಹಾಗಾಗಿ ಮೇಸ್ತ್ರಿ ಖಾಲಿ ಎಂದು ಕಂಡ ಜಾಗ ಖಾಲಿಯಾಗಿರಲಿಲ್ಲ.

ಈ ಎರಡು ಅನಿಲಗಳಿಗೆ ಶಾಖದ ಕಿರಣಗಳ ಜೊತೆ ನಂಟಿದೆ ಎಂಬುದು ಹಳೆಯ ಸಂಗತಿ. ಜಾನ್ ಟಿಂಡಾಲ್ 1859ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಶನ್‌ನಲ್ಲಿ, ತುದಿಗಳಿಗೆ ಕಲ್ಲುಪ್ಪಿನ ಬಿಲ್ಲೆ ಕೂರಿಸಿದ ಕೊಳವೆಯಲ್ಲಿ ಒಂದೊಂದು ಅನಿಲ ತುಂಬಿ, ಅದು ಶಾಖವನ್ನು ಎಷ್ಟು ತಡೆಯುತ್ತದೆ ಎಂದು ಅಳೆದಿದ್ದರು. ಆದರೆ ಫರ್ನೇಸ್ ಕಟ್ಟುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಇನ್ನೂ ಅರವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಕಾರ್ಖಾನೆಯ ಫರ್ನೇಸ್‌ಗಳಲ್ಲಿ ಮಸಿಯಿಲ್ಲದ ಬಿಸಿ ಅನಿಲವೂ ಗಣನೀಯವಾಗಿ ವಿಕಿರಣ ಸೂಸುತ್ತದೆ ಎಂದು 1924ರಲ್ಲಿ ಜರ್ಮನಿಯ ಆಲ್ಫ್ರೆಡ್ ಶಾಕ್ ಬರೆದರು. ಅಮೆರಿಕದ ಎಂಐಟಿಯಲ್ಲಿ ಹಾಯ್ಟ್ ಹಾಟೆಲ್ 1927ರಿಂದ ಇದನ್ನು ಎಂಜಿನಿಯರ್‌ಗಳು ಬಳಸಬಹುದಾದ ರೂಪಕ್ಕೆ ತಂದರು. ಅವರ ಚಾರ್ಟುಗಳು ಮೆಕ್‌ಆಡಮ್ಸ್ ಅವರ ಶಾಖ ವರ್ಗಾವಣೆಯ ಪುಸ್ತಕದ ಮೂಲಕ ಲೋಕಕ್ಕೆಲ್ಲ ಹರಡಿದವು. ಅದರ 1954ರ ಮೂರನೇ ಆವೃತ್ತಿಯ ಆ ಪುಟಗಳ ಜೆರಾಕ್ಸ್ ನಮ್ಮ ಡಿಸೈನ್ ವಿಭಾಗದ ಹಿರಿಯರೊಬ್ಬರ ಮೇಜಿನ ಗಾಜಿನಡಿ ಇತ್ತು. ಎಷ್ಟು ಸಲ ಪೆನ್ಸಿಲ್ ಗೆರೆ ಎಳೆದು ಅಳಿಸಿದ್ದರೋ, ಅಡ್ಡಗೆರೆಗಳೇ ಮಾಸಿಹೋಗಿದ್ದವು.

ಆ ಚಾರ್ಟನ್ನು ಓದುವುದು ಕಷ್ಟವೇನಲ್ಲ. ಅಡಿಯಲ್ಲಿ ಅನಿಲದ ತಾಪ, ಪಕ್ಕದಲ್ಲಿ ಎಮಿಸಿವಿಟಿ. ಎಂದರೆ ಅದೇ ತಾಪದ ಪರಿಪೂರ್ಣ ಕಪ್ಪು ವಸ್ತು ಸೂಸುವುದರಲ್ಲಿ ಈ ಅನಿಲದ ಪಾಲು ಎಷ್ಟು ಎಂಬುದು. ನಡುವೆ ಎಡದಿಂದ ಬಲಕ್ಕೆ ಬಾಗಿಕೊಂಡು ಹೋಗುವ ಹತ್ತಾರು ಗೆರೆಗಳು. ಪ್ರತಿ ಗೆರೆಯ ಮೇಲೂ ಒಂದು ಸಂಖ್ಯೆ, ಅದು ಅನಿಲದ ಭಾಗಶಃ ಒತ್ತಡವನ್ನು ಒಂದು ಉದ್ದದಿಂದ ಗುಣಿಸಿದ್ದು. ಕಾರ್ಬನ್ ಡೈಆಕ್ಸೈಡ್‌ಗೆ ಒಂದು ಚಾರ್ಟು, ನೀರಾವಿಗೆ ಇನ್ನೊಂದು. ಕಾಲೇಜಿನಿಂದ ಹೊಸದಾಗಿ ಬಂದವರೆಲ್ಲ ತಡವರಿಸುತ್ತಿದ್ದುದು ಆ ಉದ್ದದ ಹತ್ತಿರ. ಒತ್ತಡ ಸರಿ, ತಾಪ ಸರಿ, ಈ ಉದ್ದ ಯಾವುದು? ಫರ್ನೇಸಿನ ಎತ್ತರವೇ, ಅಗಲವೇ, ಮೂಲೆಯಿಂದ ಮೂಲೆಗೋ?

ಅದೇ ಮೀನ್ ಬೀಮ್ ಲೆಂತ್, ಸರಾಸರಿ ಕಿರಣದೂರ. ಹಿರಿಯರು ಅದನ್ನು ವಿವರಿಸುತ್ತಿದ್ದ ರೀತಿ ನನಗೆ ಇವತ್ತಿಗೂ ಸರಿ ಅನ್ನಿಸುತ್ತದೆ. ಫರ್ನೇಸಿನ ನೆಲದ ಮೇಲೆ ಒಂದು ಚುಕ್ಕೆ ಇಟ್ಟುಕೊಳ್ಳಿ. ಅದಕ್ಕೆ ನೇರ ಮೇಲಿನಿಂದಲೂ ಓರೆಯಾಗಿಯೂ ಅನಿಲದ ಕಿರಣ ಬರುತ್ತದೆ. ನೇರ ಮೇಲೆ ಒಂದು ಮೀಟರ್ ಅನಿಲವಿದ್ದರೆ, ಉದ್ದಕ್ಕೆ ಓರೆಯಾದ ದಿಕ್ಕಿನಲ್ಲಿ ಎರಡು ಮೀಟರ್ ಇರಬಹುದು, ಗೋಡೆ ಹತ್ತಿರವಿದ್ದ ಕಡೆ ಒಂದು ಗೇಣೂ ಇಲ್ಲದಿರಬಹುದು. ಪ್ರತಿ ಚುಕ್ಕೆಗೂ ಪ್ರತಿ ದಿಕ್ಕಿಗೂ ಬೇರೆ ಬೇರೆ ಲೆಕ್ಕ ಮಾಡುತ್ತ ಕೂತರೆ ಮುಗಿಯುವುದಿಲ್ಲ. ಅದರ ಬದಲು ಒಂದು ಅರ್ಧಗೋಳದ ತುಂಬ ಇದೇ ಅನಿಲವನ್ನು ತುಂಬಿ, ಚುಕ್ಕೆಯನ್ನು ಅದರ ಕೇಂದ್ರದಲ್ಲಿಡಿ. ಈಗ ಎಲ್ಲ ದಿಕ್ಕಿಗೂ ಅನಿಲದ ದಪ್ಪ ಒಂದೇ, ಅರ್ಧಗೋಳದ ತ್ರಿಜ್ಯದಷ್ಟು. ನಿಜವಾದ ಫರ್ನೇಸ್ ಸರಾಸರಿಯಾಗಿ ಕೊಡುವಷ್ಟೇ ಶಾಖವನ್ನು ಕೊಡುವ ಅರ್ಧಗೋಳದ ತ್ರಿಜ್ಯ ಯಾವುದೋ ಅದೇ ನಮಗೆ ಬೇಕಾದ ಉದ್ದ.

ಅದನ್ನು ಕಂಡುಹಿಡಿಯುವ ದಾರಿಯೂ ಸರಳ. ಅನಿಲ ಬಹಳ ತೆಳುವಾಗಿದ್ದರೆ ಅದು ಸೂಸಿದ್ದೆಲ್ಲ ತಡೆಯಿಲ್ಲದೆ ಗೋಡೆ ತಲುಪುತ್ತದೆ. ಆಗ ಒಟ್ಟು ಸೂಸಿದ್ದು ಕೋಣೆಯ ಗಾತ್ರಕ್ಕೆ ತಕ್ಕಷ್ಟು, ಅದು ಹಂಚಿಹೋಗುವುದು ಒಳಮೈಯ ವಿಸ್ತೀರ್ಣದ ಮೇಲೆ. ಲೆಕ್ಕ ಹಾಕಿದರೆ ಉದ್ದ 4V/A ಎಂದು ಬರುತ್ತದೆ, V ಒಳಗಾತ್ರ, A ಒಳಮೈ. ನಿಜವಾದ ಅನಿಲ ಅಷ್ಟು ತೆಳುವಲ್ಲ. ದೂರದ ಪದರ ಕಳಿಸಿದ ಶಾಖದಲ್ಲಿ ಒಂದಿಷ್ಟನ್ನು ಹತ್ತಿರದ ಪದರ ನುಂಗಿಕೊಳ್ಳುತ್ತದೆ. ಹಾಗಾಗಿ ಹತ್ತನೇ ಒಂದು ಪಾಲು ಕಡಿಮೆ ಮಾಡಿ, ಕೆಲಸಕ್ಕೆ ಬಳಸುವ ಸೂತ್ರ ಇದು:

L = 3.6 V / A

ಆ ವರ್ಷ ನಾನು ಈ ಸೂತ್ರವನ್ನು ಕೈಗೆತ್ತಿಕೊಳ್ಳಬೇಕಾಗಿ ಬಂದದ್ದು ಒಂದು ತಕರಾರಿನಿಂದ. ನಮ್ಮ ಫರ್ನೇಸ್‌ಗಳಲ್ಲಿ ಒಂದರ ಒಳ ಅಳತೆ 2 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, 1 ಮೀಟರ್ ಎತ್ತರ. ಗ್ಯಾಸಿಗೆ ಬದಲಾಯಿಸಿದ ಮೇಲೆ ಅದು ಒಂದು ಮಟ್ಟಿಗೆ ಹೊಂದಿಕೊಂಡು ನಡೆಯುತ್ತಿತ್ತು. ಲೈನಿಂಗ್ ಬದಲಾಯಿಸುವ ಸಮಯ ಬಂದಾಗ ಇಟ್ಟಿಗೆ ಕೆಲಸದ ಕಂಟ್ರ್ಯಾಕ್ಟರ್ ಒಂದು ಸಲಹೆ ಕೊಟ್ಟರು. ಬಿಲ್ಲೆಟ್ ನಾಲ್ಕು ಬೆರಳು ದಪ್ಪ, ಅದರ ಮೇಲೆ ಒಂದು ಮೀಟರ್ ಖಾಲಿ ಜಾಗ, ಆ ಖಾಲಿ ಜಾಗವನ್ನು ಕಾಯಿಸಲು ಗ್ಯಾಸ್ ಯಾಕೆ ದಂಡ ಮಾಡಬೇಕು, ರೂಫನ್ನು ಅರ್ಧಕ್ಕೆ ಇಳಿಸೋಣ ಎಂದು. ಮ್ಯಾನೇಜ್‌ಮೆಂಟಿಗೆ ಮಾತು ಹಿಡಿಸಿತು. ಒಳಮೈ ಕಡಿಮೆಯಾದರೆ ಗೋಡೆಯಿಂದ ಸೋರುವ ಶಾಖ ಕಡಿಮೆ, ಬೆಳಿಗ್ಗೆ ಫರ್ನೇಸ್ ಕಾಯುವ ಹೊತ್ತೂ ಕಡಿಮೆ. ಅಷ್ಟರ ಮಟ್ಟಿಗೆ ವಾದ ಸರಿಯೇ. ರೂಫ್ ಅರ್ಧ ಮೀಟರಿಗೆ ಇಳಿಯಿತು.

ಹೊಸ ಲೈನಿಂಗ್ ಒಣಗಿ ಕೆಲಸ ಶುರುವಾದ ಮೇಲೆ ಹ್ಯಾಮರ್ ಕಡೆಯಿಂದ ದೂರು ಬರತೊಡಗಿತು. ಬಿಲ್ಲೆಟ್ ಹೊರಗೆ ನೋಡಲು ಸರಿಯಾಗಿಯೇ ಹಳದಿಗೆ ತಿರುಗಿದೆ, ಡೈ ಮೇಲಿಟ್ಟು ಹೊಡೆದರೆ ಲೋಹ ಮೂಲೆಗೆ ಹರಿಯುತ್ತಿಲ್ಲ. ಏಟು ಜಾಸ್ತಿ ಬೇಕು, ಡೈ ತುಂಬುತ್ತಿಲ್ಲ. ಒಂದು ಪೀಸನ್ನು ಮುರಿಸಿ ನೋಡಿದಾಗ ಒಳತಿರುಳು ಕೆಂಪಾಗಿತ್ತೇ ಹೊರತು ಹಳದಿಗೆ ಬಂದಿರಲಿಲ್ಲ. ಮೊದಲಿನಷ್ಟೇ ಹೊತ್ತು ಇಟ್ಟರೂ ಮೊದಲಿನಷ್ಟು ಶಾಖ ಒಳಗೆ ಹೋಗುತ್ತಿಲ್ಲ ಎಂದರ್ಥ. ಇನ್ನೊಂದು ಗುರುತು ಚಿಮಣಿಯ ಬುಡದಲ್ಲಿ ಸಿಕ್ಕಿತು. ಗ್ಯಾಸಿನ ವಾಲ್ವ್ ಮೊದಲಿನಷ್ಟೇ ತೆರೆದಿದ್ದರೂ ಹೊರಗೆ ಹೋಗುವ ಹೊಗೆ ಮೊದಲಿಗಿಂತ ಬಿಸಿಯಾಗಿತ್ತು. ಒಳಗೆ ಬಿಡಬೇಕಾದ ಶಾಖವನ್ನು ಬಿಡದೆ ಹೊಗೆ ತನ್ನ ಜೊತೆಗೇ ಹೊತ್ತುಕೊಂಡು ಹೋಗುತ್ತಿತ್ತು. ಬರ್ನರ್ ಕೆಟ್ಟಿದೆ, ಗ್ಯಾಸಿನ ಗುಣಮಟ್ಟ ಸರಿಯಿಲ್ಲ, ಥರ್ಮೋಕಪಲ್ ಸುಳ್ಳು ಹೇಳುತ್ತಿದೆ ಎಂದು ಒಬ್ಬೊಬ್ಬರದು ಒಂದೊಂದು ಮಾತು. ಹಿರಿಯರು ನನ್ನನ್ನು ಕರೆದು, "ಎರಡೂ ಎತ್ತರಕ್ಕೆ ಲೆಕ್ಕ ಹಾಕ್ಕೊಂಡು ಬಾ" ಎಂದರು.

ಮೊದಲು ಹೊಗೆಯಲ್ಲಿ ಏನಿದೆ ಎಂಬುದು ಬೇಕು. ಆಗ ನಮ್ಮಲ್ಲಿದ್ದದ್ದು ಗಾಜಿನ ಆರ್ಸಾಟ್ ಸಾಧನ. ಹೊಗೆಯನ್ನು ಎಳೆದುಕೊಂಡು ಒಂದೊಂದು ದ್ರಾವಣದ ಮೂಲಕ ಹಾಯಿಸಿ, ಎಷ್ಟು ಕಡಿಮೆಯಾಯಿತು ಎಂದು ನೋಡುವುದು. ಅದು ತೋರಿಸಿದ್ದು ಕಾರ್ಬನ್ ಡೈಆಕ್ಸೈಡ್ ನೂರಕ್ಕೆ 13ರ ಹತ್ತಿರ, ಆಕ್ಸಿಜನ್ 2ರ ಹತ್ತಿರ. ಇಲ್ಲಿ ಒಂದು ತೊಡಕಿದೆ. ಆರ್ಸಾಟ್‌ಗೆ ಬರುವಷ್ಟರಲ್ಲಿ ಹೊಗೆ ತಣ್ಣಗಾಗಿ ನೀರಾವಿ ನೀರಾಗಿ ಇಳಿದುಬಿಟ್ಟಿರುತ್ತದೆ. ಅದು ಹೇಳುವುದು ಒಣ ಹೊಗೆಯ ಲೆಕ್ಕ, ಚಾರ್ಟ್ ಕೇಳುವುದು ಫರ್ನೇಸಿನೊಳಗಿನ ಹಸಿ ಹೊಗೆಯ ಲೆಕ್ಕ. ಆದ್ದರಿಂದ ಇಂಧನದಿಂದಲೇ ಹೊರಡಬೇಕು. ಎಲ್‌ಪಿಜಿಯನ್ನು ಬ್ಯೂಟೇನ್ ಎಂದೇ ಹಿಡಿದರೆ, ಒಂದು ಅಣು ಉರಿದರೆ ನಾಲ್ಕು ಕಾರ್ಬನ್ ಡೈಆಕ್ಸೈಡ್, ಐದು ನೀರಾವಿ. ಬೇಕಾದ್ದಕ್ಕಿಂತ ನೂರಕ್ಕೆ 10ರಷ್ಟು ಹೆಚ್ಚು ಗಾಳಿ ಕೊಟ್ಟರೆ ಹಸಿ ಹೊಗೆಯಲ್ಲಿ ಕಾರ್ಬನ್ ಡೈಆಕ್ಸೈಡ್ ನೂರಕ್ಕೆ 11, ನೀರಾವಿ 14 ಆಗುತ್ತದೆ. ಅದನ್ನೇ ಒಣಗಿಸಿ ನೋಡಿದರೆ ಆರ್ಸಾಟ್ ತೋರಿಸಿದ ಅಂಕಿಗಳಿಗೇ ತಾಳೆ ಬೀಳುತ್ತದೆ. ಅಲ್ಲಿಗೆ ಬರ್ನರ್ ಮೇಲಿನ ಅನುಮಾನ ಮುಗಿಯಿತು, ಉರಿ ಸರಿಯಾಗಿಯೇ ಆಗುತ್ತಿತ್ತು.

ಇನ್ನು ಭಾಗಶಃ ಒತ್ತಡ. ಪುಸ್ತಕದ ಉದಾಹರಣೆಗಳಲ್ಲಿ ಒಟ್ಟು ಒತ್ತಡ 1 ಅಟ್ಮಾಸ್ಫಿಯರ್ ಎಂದು ಹಿಡಿಯುವುದು ವಾಡಿಕೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಊರು. ಇಲ್ಲಿ ವಾತಾವರಣದ ಒತ್ತಡ 0.9 ಅಟ್ಮಾಸ್ಫಿಯರ್ ಸುಮಾರು. ಆದ್ದರಿಂದ ಕಾರ್ಬನ್ ಡೈಆಕ್ಸೈಡ್‌ನದು 0.10, ನೀರಾವಿಯದು 0.126. ಇದೇ ಫರ್ನೇಸನ್ನು ಮಂಗಳೂರಿನಲ್ಲಿ ಇಟ್ಟಿದ್ದರೆ ಅದೇ ಕೋಣೆಯಲ್ಲಿ ವಿಕಿರಣ ಸೂಸುವ ಅಣುಗಳು ಹತ್ತಿರ ಹತ್ತಿರ ಹತ್ತನೇ ಒಂದು ಪಾಲು ಹೆಚ್ಚಿರುತ್ತಿದ್ದವು. ಪುಸ್ತಕದ ಉದಾಹರಣೆಯನ್ನು ಹಾಗೆಯೇ ನಕಲು ಮಾಡಿದರೆ ಬೆಂಗಳೂರಿನ ಫರ್ನೇಸ್ ಕಾಗದದ ಮೇಲೆ ಇರುವುದಕ್ಕಿಂತ ಚೂರು ಚೆನ್ನಾಗಿ ಕಾಣುತ್ತದೆ.

ಹಳೆಯ ಎತ್ತರಕ್ಕೆ ಒಳಗಾತ್ರ 3 ಘನ ಮೀಟರ್, ಆರು ಮುಖಗಳ ಒಳಮೈ 13 ಚದರ ಮೀಟರ್. 3.6ರಿಂದ ಗುಣಿಸಿ ಭಾಗಿಸಿದರೆ ಕಿರಣದೂರ 0.83 ಮೀಟರ್. ಒತ್ತಡದಿಂದ ಗುಣಿಸಿದರೆ ಕಾರ್ಬನ್ ಡೈಆಕ್ಸೈಡ್‌ಗೆ 0.083, ನೀರಾವಿಗೆ 0.105 ಅಟ್ಮಾಸ್ಫಿಯರ್-ಮೀಟರ್. ಹಳೆಯ ಚಾರ್ಟು ಅಡಿಯಲ್ಲಿ ಮಾತಾಡುವುದರಿಂದ ಅವು 0.27 ಮತ್ತು 0.34 ಆಗುತ್ತವೆ. ಅನಿಲದ ತಾಪ 1600 ಕೆಲ್ವಿನ್, ಅಂದರೆ 1327 ಡಿಗ್ರಿ ಸೆಲ್ಸಿಯಸ್ ಎಂದು ಹಿಡಿದಿದ್ದೆವು. ಅದೂ ಚಾರ್ಟಿನಲ್ಲಿ ರಾಂಕಿನ್ ಮಾಪಕದ 2880. ಅಡಿಗೆರೆಯ ಮೇಲೆ 2880 ಹಿಡಿದು ನೇರ ಮೇಲೆ ಹೋಗಿ, ಬೇಕಾದ ಗೆರೆ ಮುಟ್ಟಿ, ಎಡಕ್ಕೆ ತಿರುಗಿ ಓದಿದರೆ ನೀರಾವಿಗೆ 0.10, ಕಾರ್ಬನ್ ಡೈಆಕ್ಸೈಡ್‌ಗೆ 0.09ಕ್ಕೆ ಚೂರು ಕಡಿಮೆ.

ಇವೆರಡನ್ನೂ ನೇರವಾಗಿ ಕೂಡಿಸುವ ಹಾಗಿಲ್ಲ. 2.7 ಮೈಕ್ರಾನ್ ಸುತ್ತ ಮತ್ತು 15ರ ಸುತ್ತ ಎರಡೂ ಅನಿಲಗಳ ಪಟ್ಟಿಗಳು ಒಂದರ ಮೇಲೊಂದು ಬೀಳುತ್ತವೆ. ಒಂದು ಸೂಸಿದ್ದನ್ನು ಇನ್ನೊಂದು ನುಂಗುತ್ತದೆ. ಅದಕ್ಕೆಂದೇ ಇರುವ ಮೂರನೇ ಚಾರ್ಟಿನಿಂದ ಸುಮಾರು 0.016 ಕಳೆಯಬೇಕು. ನೀರಾವಿಗೆ ಒತ್ತಡದ ತಿದ್ದುಪಡಿ ಎಂಬುದೂ ಒಂದಿದೆ. ಒಟ್ಟು ಒತ್ತಡ ಮತ್ತು ನೀರಾವಿಯ ಒತ್ತಡಗಳ ಸರಾಸರಿ 0.5ರ ಹತ್ತಿರ ಬಂದರೆ ಆ ತಿದ್ದುಪಡಿ 1. ನಮ್ಮದು 0.51, ಹಾಗಾಗಿ ಅದನ್ನು ಬಿಟ್ಟೆವು. ಕೊನೆಗೆ ಅನಿಲದ ಎಮಿಸಿವಿಟಿ 0.17.

ಈ 0.17 ಚಿಕ್ಕದಾಗಿ ಕಾಣಬಹುದು. ಆದರೆ 1600 ಕೆಲ್ವಿನ್‌ನಲ್ಲಿ ಕಪ್ಪು ವಸ್ತು ಒಂದು ಚದರ ಮೀಟರಿಗೆ 370 ಕಿಲೋವ್ಯಾಟ್ ಸೂಸುತ್ತದೆ. ಅದರಲ್ಲಿ ನೂರಕ್ಕೆ 17 ಎಂದರೆ 63 ಕಿಲೋವ್ಯಾಟ್. ಬಿಲ್ಲೆಟ್ ಅರ್ಧ ದಾರಿಯಲ್ಲಿ, 1100 ಕೆಲ್ವಿನ್‌ನಲ್ಲಿದ್ದಾಗ, ಅದೂ ತಿರುಗಿ ಅನಿಲಕ್ಕೆ ಶಾಖ ಸೂಸುತ್ತಿರುತ್ತದೆ. ಅದರಲ್ಲಿ ಅನಿಲ ಎಷ್ಟು ಹೀರುತ್ತದೆ ಎಂಬುದು 0.17 ಅಲ್ಲ. ಬಿಲ್ಲೆಟ್ಟಿನ ತಾಪಕ್ಕೆ ಚಾರ್ಟಿನಲ್ಲಿ ಇನ್ನೊಮ್ಮೆ ಓದಿ, ತಾಪಗಳ ಅನುಪಾತದಿಂದ ತಿದ್ದಿದರೆ 0.25ರ ಹತ್ತಿರ ಬರುತ್ತದೆ. ತಾಪ ಇಳಿದ ಹಾಗೆ ಈ ಸಂಖ್ಯೆ ಏರುವುದು ವಿಚಿತ್ರ ಅನ್ನಿಸಬಹುದು, ಕಾರಣ ಸುಲಭ. ತಾಪ ಏರಿದಂತೆ ವಿಕಿರಣದ ಬಹುಪಾಲು ಸಣ್ಣ ತರಂಗಗಳ ಕಡೆ ಜಾರುತ್ತದೆ, ಅನಿಲದ ಪಟ್ಟಿಗಳು ಇದ್ದಲ್ಲೇ ಇರುತ್ತವೆ. ಹೀಗೆ ವಾಪಸು ಹೋಗುವುದು 20 ಕಿಲೋವ್ಯಾಟ್. ಬಿಲ್ಲೆಟ್ಟಿನ ಒಂದು ಚದರ ಮೀಟರಿಗೆ ಅನಿಲದಿಂದ ದಕ್ಕುವುದು 43 ಕಿಲೋವ್ಯಾಟ್ ಸುಮಾರು. ಬಿಸಿಗಾಳಿ ಸವರಿಕೊಂಡು ಹೋಗುವುದರಿಂದ ಸಿಗುವುದು ಅಂತಹ ಫರ್ನೇಸಿನಲ್ಲಿ ಏಳೆಂಟು ಕಿಲೋವ್ಯಾಟ್ ಇದ್ದೀತು. ಮೇಸ್ತ್ರಿಯ ಕಣ್ಣಿಗೆ ಕಾಣದ ಉರಿ ಬಿಸಿಗಾಳಿಗಿಂತ ಐದಾರು ಪಟ್ಟು ಕೆಲಸ ಮಾಡುತ್ತಿತ್ತು.

ಈಗ ಇಳಿಸಿದ ರೂಫಿನ ಲೆಕ್ಕ. ಗಾತ್ರ ಅರ್ಧವಾಗಿ ಒಂದೂವರೆ ಘನ ಮೀಟರ್. ಒಳಮೈ ಮಾತ್ರ ಅರ್ಧವಾಗಲಿಲ್ಲ. ನೆಲ ಮತ್ತು ರೂಫ್ ಹಾಗೆಯೇ ಉಳಿದು, ಗೋಡೆಗಳಷ್ಟೇ ಕುಗ್ಗಿ 9.5 ಚದರ ಮೀಟರ್ ಆಯಿತು. ಕಿರಣದೂರ 0.83ರಿಂದ 0.57 ಮೀಟರಿಗೆ ಇಳಿಯಿತು. ಅದೇ ಚಾರ್ಟು, ಅದೇ ತಾಪ, ಕೆಳಗಿನ ಗೆರೆ. ಎಮಿಸಿವಿಟಿ 0.145. ಬಿಲ್ಲೆಟ್ಟಿಗೆ ದಕ್ಕುವ ಶಾಖ 43ರಿಂದ 36 ಕಿಲೋವ್ಯಾಟಿಗೆ, ಅಂದರೆ ನೂರಕ್ಕೆ 16ರಷ್ಟು ಇಳಿಯುತ್ತದೆ.

ಎತ್ತರ ಅರ್ಧವಾದರೂ ಶಾಖ ಅರ್ಧವಾಗಲಿಲ್ಲ ಎಂಬುದನ್ನು ಗಮನಿಸಬೇಕು. ಪಟ್ಟಿಯ ನಡುಭಾಗದಲ್ಲಿ ಅನಿಲ ಸ್ವಲ್ಪ ದಪ್ಪಕ್ಕೇ ಪೂರ್ತಿ ಕಪ್ಪಾಗಿಬಿಡುತ್ತದೆ, ಆಮೇಲೆ ದಪ್ಪ ಹೆಚ್ಚಿದರೆ ಪಟ್ಟಿಯ ಅಂಚುಗಳು ಮಾತ್ರ ಚೂರು ಚೂರೇ ಅಗಲವಾಗುತ್ತ ಹೋಗುತ್ತವೆ. ಗೋಡೆಗೆ ಸುಣ್ಣ ಬಳಿದ ಹಾಗೆ: ಮೊದಲ ಕೋಟಿಗೇ ಗೋಡೆ ಬೆಳ್ಳಗಾಗುತ್ತದೆ, ಎರಡನೆಯದು ತಲುಪದೇ ಉಳಿದ ಮೂಲೆಗಳನ್ನಷ್ಟೇ ತುಂಬುತ್ತದೆ. ಪಟ್ಟಿಗಳ ನಡುವಿನ ತರಂಗಗಳಿಗೆ ಅನಿಲ ಎಷ್ಟೇ ದಪ್ಪವಾದರೂ ತೆರೆದ ಕಿಟಕಿ. ಇದೇ ಅನಿಲವನ್ನು 10 ಮೀಟರ್ ಕಿರಣದೂರದ ದೊಡ್ಡ ಕೋಣೆಗೆ ತುಂಬಿದರೂ, ಉದ್ದ ಹನ್ನೆರಡು ಪಟ್ಟಾಯಿತೆಂದು ಎಮಿಸಿವಿಟಿ ಹನ್ನೆರಡು ಪಟ್ಟಾಗುವುದಿಲ್ಲ, 0.4ರ ಆಸುಪಾಸಿನಲ್ಲೇ ನಿಲ್ಲುತ್ತದೆ.

ಕಾಗದ ತೆಗೆದುಕೊಂಡು ಹೋದಾಗ ಹಿರಿಯರು ತಲೆಯಾಡಿಸಿದರು, ಆದರೆ ಸಮಾಧಾನವಾಗಲಿಲ್ಲ. "ಹದಿನಾರು ಪರ್ಸೆಂಟಿಗೆ ಹ್ಯಾಮರ್‌ನೋರು ಇಷ್ಟು ಗಲಾಟೆ ಮಾಡಲ್ಲ ಕಣಯ್ಯ. ಗೋಡೆ ಎಲ್ಲಿ ಹೋಯ್ತು ನಿನ್ನ ಲೆಕ್ಕದಲ್ಲಿ?" ಎಂದರು.

ಅವರು ಕೇಳಿದ್ದು ಗೋಡೆಯ ಇನ್ನೊಂದು ಕೆಲಸದ ಬಗ್ಗೆ. ಅನಿಲ ಸೂಸುವುದು ಎಲ್ಲ ದಿಕ್ಕಿಗೂ. ನಮ್ಮ ಫರ್ನೇಸಿನಲ್ಲಿ ಬಿಲ್ಲೆಟ್ ಹಾಸಿದ ನೆಲ 3 ಚದರ ಮೀಟರ್, ಉಳಿದ 10 ಚದರ ಮೀಟರ್ ಬರೀ ಇಟ್ಟಿಗೆ. ಅನಿಲದ ಹೆಚ್ಚಿನ ಶಾಖ ಹೋಗಿ ಬೀಳುವುದು ಇಟ್ಟಿಗೆಯ ಮೇಲೆಯೇ. ಒಳ್ಳೆಯ ಇಟ್ಟಿಗೆ ಅದರಲ್ಲಿ ಸ್ವಲ್ಪವನ್ನು ಮಾತ್ರ ಹೊರಗೆ ಸೋರಲು ಬಿಡುತ್ತದೆ, ಮಿಕ್ಕದ್ದನ್ನೆಲ್ಲ ವಾಪಸು ಸೂಸುತ್ತದೆ. ಇಟ್ಟಿಗೆ ಘನವಸ್ತುವಾದ್ದರಿಂದ ಅದು ಸೂಸುವುದು ಎಲ್ಲ ತರಂಗಗಳಲ್ಲೂ. ಅದರಲ್ಲಿ ಬಹುಪಾಲು ಆ ತೆರೆದ ಕಿಟಕಿಗಳ ಮೂಲಕ ಅನಿಲವನ್ನು ದಾಟಿ ನೇರ ಬಿಲ್ಲೆಟ್ಟಿಗೆ ಮುಟ್ಟುತ್ತದೆ. ಅನಿಲ ಕೆಲವೇ ಪಟ್ಟಿಗಳಲ್ಲಿ ಕೊಟ್ಟದ್ದನ್ನು ಗೋಡೆ ಈಸಿಕೊಂಡು ಬೇರೆ ಪಟ್ಟಿಗಳಿಗೆ ಹಂಚಿ ಕೆಳಕ್ಕೆ ಕಳಿಸುತ್ತದೆ.

ಗೋಡೆಯನ್ನೂ ಸೇರಿಸಿ ಲೆಕ್ಕ ಹಾಕಲು ಹಾಟೆಲ್ ಅವರದೇ ಸೂತ್ರವಿದೆ. ಅದರಲ್ಲಿ ಅನಿಲ ಎಲ್ಲ ತರಂಗಗಳಿಗೂ ಒಂದೇ ಬಗೆ ಎಂದು ಸರಳ ಮಾಡಿಕೊಂಡಿರುತ್ತದೆ, ಆದರೂ ಎರಡು ಸ್ಥಿತಿಗಳನ್ನು ಹೋಲಿಸಲು ಸಾಕು. ಹಳೆಯ ಎತ್ತರದಲ್ಲಿ ಅನಿಲದ್ದೇ 0.17 ಇದ್ದದ್ದು ಗೋಡೆಯ ಸಹಾಯದಿಂದ 0.5ರ ಹತ್ತಿರಕ್ಕೆ, ಸುಮಾರು ಮೂರು ಪಟ್ಟಿಗೆ ಏರುತ್ತದೆ. ರೂಫ್ ಇಳಿಸಿದ ಮೇಲೆ ಗೋಡೆ ಮತ್ತು ರೂಫ್ ಸೇರಿದ ಇಟ್ಟಿಗೆಯ ಮೈ 10ರಿಂದ 6.5 ಚದರ ಮೀಟರಿಗೆ ಇಳಿದಿದೆ, ಅನಿಲವೂ ತೆಳುವಾಗಿದೆ. ಎರಡೂ ಸೇರಿ ಆ 0.5 ಬಂದು 0.37ಕ್ಕೆ ನಿಲ್ಲುತ್ತದೆ. ನಷ್ಟ ನೂರಕ್ಕೆ 16 ಅಲ್ಲ, 25ಕ್ಕೂ ಮೇಲೆ. ಹ್ಯಾಮರ್‌ನವರ ಗಲಾಟೆಗೆ ಇದು ತಕ್ಕ ಅಂಕಿ. ಕಂಟ್ರ್ಯಾಕ್ಟರ್ ಉಳಿಸಲು ಹೊರಟದ್ದು ಗೋಡೆಯಿಂದ ಸೋರುವ ಶಾಖವನ್ನು. ಇಳಿಸಿದ್ದು ಬಿಲ್ಲೆಟ್ಟಿಗೆ ಶಾಖ ಕೊಡುತ್ತಿದ್ದ ಗೋಡೆಯನ್ನು, ಜೊತೆಗೆ ಆ ಗೋಡೆಗೆ ಕೊಡುತ್ತಿದ್ದ ಅನಿಲವನ್ನು.

ಮುಂದಿನ ಲೈನಿಂಗಿನಲ್ಲಿ ರೂಫ್ ಮತ್ತೆ ಒಂದು ಮೀಟರಿಗೆ ಏರಿತು. ಅಲ್ಲಿಯವರೆಗೆ ಬಿಲ್ಲೆಟ್‌ಗಳನ್ನು ಹೆಚ್ಚು ಹೊತ್ತು ಒಳಗೆ ಇಟ್ಟುಕೊಂಡೇ ಕೆಲಸ ಸಾಗಿಸಿದರು. ಮೇಲ್ಮೈಯಲ್ಲಿ ಸ್ಕೇಲ್ ದಪ್ಪ ಕಟ್ಟಿ ಉದುರುತ್ತಿತ್ತು, ಅದೂ ಒಂದು ನಷ್ಟ. ಆ ನಡುವೆ ಯಾರೋ ಗಾಳಿ ಜಾಸ್ತಿ ಕೊಟ್ಟು ಉರಿ ಜೋರು ಮಾಡೋಣ ಎಂದರು. ಅದು ಎರಡು ಕಡೆಯಿಂದ ಹೊಡೆತ. ಹೆಚ್ಚಿನ ಗಾಳಿ ಅನಿಲದ ತಾಪವನ್ನು ಇಳಿಸುತ್ತದೆ, ಜೊತೆಗೆ ವಿಕಿರಣಕ್ಕೆ ಬಾರದ ನೈಟ್ರೋಜನ್ ಆಕ್ಸಿಜನ್‌ಗಳನ್ನು ತುಂಬಿ ಕಾರ್ಬನ್ ಡೈಆಕ್ಸೈಡ್, ನೀರಾವಿಗಳ ಪಾಲನ್ನು ತೆಳುಮಾಡುತ್ತದೆ. ಡ್ಯಾಂಪರ್ ಮುಟ್ಟಬೇಡಿ ಎಂದು ಹೇಳಿ ಅದನ್ನು ತಡೆದೆವು.

ರೂಫ್ ಏರಿಸಿ ಕೆಲಸ ಸುಧಾರಿಸಿದ ಮೇಲೆ ಮಾಲೀಕರು ನಮ್ಮ ಟೇಬಲ್ಲಿನ ಹತ್ತಿರ ಬಂದು ಕೇಳಿದರು: "ಎತ್ತರ ಇದ್ರೆ ಒಳ್ಳೇದು ಅಂತಾದ್ರೆ ಒಂದೂವರೆ ಮೀಟ್ರೇ ಮಾಡಿಬಿಡೋಣ್ವಾ?" ನ್ಯಾಯವಾದ ಪ್ರಶ್ನೆ. ಮತ್ತೆ ಚಾರ್ಟು ಹಿಡಿದೆವು. ಕಿರಣದೂರ 0.98 ಮೀಟರ್ ಆಗುತ್ತದೆ, ಅನಿಲದ ಎಮಿಸಿವಿಟಿ 0.17ರಿಂದ 0.185ಕ್ಕೆ ಏರುತ್ತದೆ, ಅಷ್ಟೇ. ಒಳಮೈ ಮಾತ್ರ 13ರಿಂದ 16.5 ಚದರ ಮೀಟರ್, ಸೋರುವ ಮೈ ಕಾಲು ಪಾಲು ಹೆಚ್ಚು. ಗೋಡೆಯ ಸಹಾಯ ಸೇರಿಸಿದರೆ ಕಾಗದದ ಮೇಲೆ ಇನ್ನೂ ಸ್ವಲ್ಪ ಲಾಭ ಕಾಣುತ್ತದೆ, ನಿಜ. ಆದರೆ ಈ ಇಡೀ ಲೆಕ್ಕ ಕೋಣೆಯೊಳಗಿನ ಅನಿಲಕ್ಕೆಲ್ಲ ಒಂದೇ ತಾಪ ಎಂಬ ಊಹೆಯ ಮೇಲೆ ನಿಂತಿದೆ. ನಮ್ಮ ಬರ್ನರ್‌ಗಳು ಪಕ್ಕದ ಗೋಡೆಯಲ್ಲಿ, ಒಂದು ಮೀಟರ್ ಎತ್ತರಕ್ಕೆಂದು ಇಟ್ಟವು. ಎತ್ತರ ಹೆಚ್ಚಿಸಿದರೆ ಬಿಸಿ ಅನಿಲ ರೂಫಿನಡಿ ನಿಂತು, ಕೆಳಗಿನ ಪದರ ತಣ್ಣಗಿದ್ದುಬಿಡುತ್ತದೆ. ಆಗ ಆ ತಣ್ಣನೆಯ ಪದರದಲ್ಲಿರುವ ಇವೇ ಎರಡು ಅನಿಲಗಳು ಮೇಲಿನಿಂದ ಬರುವ ಶಾಖವನ್ನು ಅದೇ ಪಟ್ಟಿಗಳಲ್ಲಿ ನುಂಗುತ್ತವೆ. ಚಾರ್ಟು ಇದನ್ನು ಹೇಳುವುದಿಲ್ಲ. ಹಿರಿಯರು ಬೇಡ ಎಂದರು, ಮಾಲೀಕರು ಕೇಳಿದರು.

ಆಮೇಲೆ ಬೇರೆ ಬೇರೆ ಕಡೆ ಕೆಲಸ ಮಾಡಿದೆ. ಹಾಟೆಲ್ ಅವರ ಗೆರೆಗಳಲ್ಲಿ ಕೆಲವು ತುದಿಗಳು ಅಳತೆಯಿಂದ ಬಂದವಲ್ಲ, ಮುಂದಕ್ಕೆ ಎಳೆದು ಊಹಿಸಿದವು. ಅವನ್ನು ರೋಹಿತದ ಮಾಹಿತಿಯಿಂದ ಮತ್ತೆ ಕಟ್ಟಿ, 1972ರಲ್ಲಿ ಲೆಕ್ನರ್ ಸೂತ್ರದ ರೂಪದಲ್ಲಿ ಕೊಟ್ಟರು. ಈಗ ಗಾಜಿನಡಿಯ ಜೆರಾಕ್ಸಿನ ಬದಲು ಆ ಸೂತ್ರವನ್ನು ಕಂಪ್ಯೂಟರಿನ ಶೀಟಿನಲ್ಲಿ ಬರೆದುಕೊಂಡಿದ್ದೇನೆ. ಮೇಲೆ ಹೇಳಿದ ಅಂಕಿಗಳನ್ನು ಅದರಲ್ಲೂ ಹಾಕಿ ನೋಡಿದೆ, ಪೆನ್ಸಿಲಿನಲ್ಲಿ ಓದಿದ್ದಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಮಸಿಯಿರುವ ಆಯಿಲ್ ಜ್ವಾಲೆಗೂ, ಬೂದಿ ಹಾರುವ ಕಲ್ಲಿದ್ದಲಿಗೂ ಇವೆರಡೂ ಸಾಲವು. ಅಲ್ಲಿ ಕಣಗಳ ಲೆಕ್ಕವನ್ನು ಬೇರೆಯಾಗಿ ಕೂಡಿಸಲೇಬೇಕು.

ಕಿರಿಯ ಎಂಜಿನಿಯರ್‌ಗಳು ಈಗ ಸಿಮ್ಯುಲೇಷನ್‌ನಲ್ಲಿ ಫರ್ನೇಸ್ ಬಿಡಿಸಿಕೊಂಡು ಬರುತ್ತಾರೆ. ಅದರಲ್ಲಿ ಅನಿಲದ ಎಮಿಸಿವಿಟಿ ತುಂಬಲು ಒಂದು ಚೌಕ ಇರುತ್ತದೆ. "ಸಾರ್, ಎಲ್‌ಪಿಜಿ ಹೊಗೆಗೆ ಎಮಿಸಿವಿಟಿ ಎಷ್ಟು ಹಾಕ್ಲಿ?" ಎಂದು ಕೇಳುತ್ತಾರೆ, ಸ್ಟೀಲಿನ ಸಾಂದ್ರತೆ ಕೇಳುವ ಹಾಗೆ. ಸ್ಟೀಲಿಗೆ ಸಾಂದ್ರತೆ ಒಂದೇ, ತುಂಡು ಚಿಕ್ಕದಿರಲಿ ದೊಡ್ಡದಿರಲಿ. ಹೊಗೆಗೆ ಹಾಗಿಲ್ಲ. ಒಂದೇ ಹೊಗೆ, ಒಂದೇ ತಾಪ, ಒಂದು ರೂಫಿನಡಿ 0.17, ಇನ್ನೊಂದರಡಿ 0.145. ಹಾಗಾಗಿ ನಾನು ಉತ್ತರ ಕೊಡುವುದಿಲ್ಲ, ವಾಪಸು ಕೇಳುತ್ತೇನೆ: ಕೋಣೆಯ ಉದ್ದ ಅಗಲ ಎತ್ತರ ಎಷ್ಟು, ಹೊಗೆಯಲ್ಲಿ ಆಕ್ಸಿಜನ್ ಎಷ್ಟು, ಫರ್ನೇಸ್ ಯಾವ ಊರಿನಲ್ಲಿದೆ?